ನಾಲ್ಕಡಿ ರಿಂಗಿನ ತೊಟ್ಟಿ ಎಷ್ಟು ಲೀಟರ್ ಹಿಡಿಯುತ್ತೆ? ಮೈಲುತುತ್ತಿನ ಲೆಕ್ಕ ತಪ್ಪಿದೆ

ತೋಟದಮೂಲೆ

ಎಲ್ಲರಿಗೂ ನಮಸ್ಕಾರ. ನಮ್ಮದು ಸಾಗರದ ಕಡೆ ಸಣ್ಣ ಅಡಿಕೆ ತೋಟ, ಹದಿನಾರು ಸಾಲು. ಅಪ್ಪನ ಕಾಲದಿಂದ ಇನ್ನೂರು ಲೀಟರಿನ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕೊಳೆರೋಗಕ್ಕೆ ಬೋರ್ಡೋ ಕಲಸಿ ಹೊಡೆಸುತ್ತಿದ್ದೆವು. ಡ್ರಮ್ಮಿಗೆ 2 ಕಿಲೋ ಮೈಲುತುತ್ತು, 2 ಕಿಲೋ ಸುಣ್ಣ. ಐದು ಡ್ರಮ್ಮಿಗೆ ತೋಟ ಮುಗಿಯುತ್ತಿತ್ತು.

ಪ್ರತಿ ಸಲ ಐದು ಬಾರಿ ಕಲಸೋದು ತಲೆನೋವು ಅಂತ ಈ ವರ್ಷ ತೋಟದ ನಡುವೆ ನಾಲ್ಕಡಿಯ ಸಿಮೆಂಟ್ ರಿಂಗ್ ಮೂರು ಕೂರಿಸಿ ತೊಟ್ಟಿ ಮಾಡಿಸಿದೆ. ಗಾರೆಯವರು 1350 ಲೀಟರ್ ಹಿಡಿಯುತ್ತೆ ಅಂದರು. ನನಗೆ ಜಾಸ್ತಿ ಅನ್ನಿಸಿತು. ನಾನೇ ಟೇಪು ಹಿಡಿದೆ. ಅಡ್ಡಗಲ 122 ಸೆಂಟಿಮೀಟರ್, ಎತ್ತರ 91. ಮಗಳ ಗಣಿತ ಪುಸ್ತಕದ ಸೂತ್ರ ಹಾಕಿದರೆ 1064 ಲೀಟರ್ ಬಂತು. ಸಾವಿರ ಅಂತ ಇಟ್ಟುಕೊಂಡು 10 ಕಿಲೋ ಮೈಲುತುತ್ತು, 10 ಕಿಲೋ ಸುಣ್ಣ ಹಾಕಿದೆ.

ಹನ್ನೆರಡು ಸಾಲಿಗೆ ತೊಟ್ಟಿ ಖಾಲಿ. ಹೊಡೆದವರೂ ಅವರೇ, ಪಂಪೂ ಅದೇ. ಪೈಪು ಸೋರಿಲ್ಲ. ಎಲ್ಲಿ ಹೋಯಿತು ಇನ್ನೂರು ಚಿಲ್ಲರೆ ಲೀಟರು?

ಹಳೇಮೇಷ್ಟ್ರು

ಸೂತ್ರದಲ್ಲಿ ತಪ್ಪಿಲ್ಲ. ಅರ್ಧ ಅಡ್ಡಗಲ 61. 61 × 61 × 3.1416 × 91, ಅದನ್ನು 1000ದಿಂದ ಭಾಗಿಸಿದರೆ 1064 ಲೀಟರ್. ನಾನೂ ಮಾಡಿ ನೋಡಿದೆ.

ಟೇಪು ಹಿಡಿಯುವಾಗ ನಡುಮಧ್ಯ ಸಿಕ್ಕಿತೋ ಇಲ್ಲವೋ ಅನ್ನೋ ಅನುಮಾನ ಮಾತ್ರ ಇದೆ. ಅದಕ್ಕೆ ಸುಲಭ ದಾರಿ ಇದೆ. ತೊಟ್ಟಿಯ ಸುತ್ತ ದಾರ ಸುತ್ತಿ ಅಳೆಯಿರಿ. ಅದನ್ನು 3.1416ರಿಂದ ಭಾಗಿಸಿ. ಅದೇ ಸರಿಯಾದ ಅಡ್ಡಗಲ.

ತೋಟದಮೂಲೆ

ಮೇಷ್ಟ್ರೇ, ಈಗಷ್ಟೇ ಹೋಗಿ ಸುತ್ತಿ ಬಂದೆ. ಸುತ್ತಳತೆ 383. ಭಾಗಿಸಿದರೆ 121.9. ಮತ್ತೆ ಅಲ್ಲೇ ಬಂದು ನಿಂತೆ.

ಗಾರೆಕೆಲಸ

1350 ಅಂದವರು ಹೇಗೆ ಲೆಕ್ಕ ಹಾಕಿದರು ಅಂತ ನಾನು ಹೇಳ್ತೀನಿ. ನಾವು ಕೆಲಸದ ಜಾಗದಲ್ಲಿ ಹೀಗೇ ಹಾಕೋದು. ನಾಲ್ಕು ನಾಲ್ಕಲ ಹದಿನಾರು, ಮೂರು ಅಡಿ ಎತ್ತರ, 48 ಘನ ಅಡಿ. ಒಂದು ಘನ ಅಡಿಗೆ 28.3 ಲೀಟರ್. 1358 ಆಯ್ತು. ಇದು ಚೌಕ ತೊಟ್ಟಿ ಲೆಕ್ಕ. ದುಂಡನೆಯದಕ್ಕೆ ನಾಲ್ಕು ಮೂಲೆ ಇರೋದಿಲ್ಲವಲ್ಲ, ಅದನ್ನು ಕಳೆಯೋಕೆ ಮರೆತಿದ್ದಾರೆ. ಅಡಿಯಲ್ಲಿ ದುಂಡನೆ ತೊಟ್ಟಿಗೆ 28.3 ಬದಲು 22.24 ಹಾಕಬೇಕು.

ಇನ್ನೊಂದು ವಿಷಯ. ನಮ್ಮ ಕಡೆ ನಾಲ್ಕಡಿ ರಿಂಗ್ ಅಂತ ಮಾರೋದು ಹೊರಗಿನ ಅಳತೆಗೆ. ರಿಂಗು ಎರಡು ಇಂಚು ದಪ್ಪ ಇರುತ್ತೆ. ನೀವು ಹೊರಗಡೆಯಿಂದ ಅಳೆದಿರಾ?

ತೋಟದಮೂಲೆ

ಅಯ್ಯೋ, ಹೌದು! ಟೇಪಿನ ಕೊಕ್ಕೆ ಹೊರ ಅಂಚಿಗೆ ಸಿಕ್ಕಿಸಿ ಆ ಕಡೆ ಹೊರ ಅಂಚಿನವರೆಗೆ ಎಳೆದಿದ್ದೆ. ಗೋಡೆ 5 ಸೆಂಟಿಮೀಟರ್ ದಪ್ಪ ಇದೆ. ಹಾಗಾದರೆ 122ರಲ್ಲಿ 5 ಕಳೆದು 117 ಅಲ್ವಾ? ಅದರಂತೆ 978 ಲೀಟರ್. ಇದು ಇನ್ನೂರು ಲೀಟರಿನ ಕಥೆ ಹೇಳೋದಿಲ್ಲವಲ್ಲ?

ನೀರುಲೆಕ್ಕ

ನಾನು ಕುಡಿಯುವ ನೀರಿನ ಯೋಜನೆಯಲ್ಲಿ ಬಹಳ ವರ್ಷ ಟ್ಯಾಂಕು ಅಳೆದು ಬದುಕಿದವಳು. ಈಗ ಮನೆಯಲ್ಲಿದ್ದೇನೆ, ಅದಕ್ಕೇ ಇಷ್ಟುದ್ದ ಬರೆಯುತ್ತೇನೆ.

ತಮ್ಮಾ, ಟೇಪು ಎರಡು ಕಡೆ ಗೋಡೆ ದಾಟುತ್ತದೆ. ಈ ಕಡೆ 5, ಆ ಕಡೆ 5. ಒಟ್ಟು 10 ಕಳೆಯಬೇಕು. ಒಳಗಿನ ಅಡ್ಡಗಲ 112. ದಾರ ಸುತ್ತಿ ಅಳೆಯೋದು ಒಳ್ಳೆಯ ಉಪಾಯವೇ, ಮೇಷ್ಟ್ರು ಹೇಳಿದ್ದು ಸುಳ್ಳಲ್ಲ. ಆದರೆ ದಾರ ಹೊರಗೆ ಸುತ್ತುತ್ತದೆ, ನೀರು ಒಳಗೆ ನಿಲ್ಲುತ್ತದೆ. ತಗಡಿನ ಡ್ರಮ್ಮಿಗೆ ಆ ವ್ಯತ್ಯಾಸ ಲೆಕ್ಕಕ್ಕೇ ಇಲ್ಲ. ಸಿಮೆಂಟ್ ರಿಂಗಿಗೆ ಇದೆ.

ಅರ್ಧ ಮಾಡಿ, 3.1416ರಿಂದ ಗುಣಿಸಿ ಅಂತೆಲ್ಲ ಒದ್ದಾಡುವುದು ಬೇಡ. ನಾವು ಹೀಗೆ ಬರೆದುಕೊಳ್ಳುತ್ತಿದ್ದೆವು:

ಅಡ್ಡಗಲ × ಅಡ್ಡಗಲ × ಎತ್ತರ × 0.7854 ÷ 1000 = ಲೀಟರ್

ಎಲ್ಲ ಅಳತೆಯೂ ಸೆಂಟಿಮೀಟರಿನಲ್ಲಿ. 3.1416ರ ಕಾಲು ಭಾಗವೇ 0.7854. ಮೇಲೆ ಹೇಳಿದ ಮೂಲೆ ಕಳೆಯುವ ಕೆಲಸ ಇದೇ ಮಾಡುತ್ತದೆ.

ನಿಮ್ಮದಕ್ಕೆ ಹಾಕಿ. 112 × 112 ಅಂದರೆ 12544. ಅದನ್ನು 0.7854ರಿಂದ ಗುಣಿಸಿದರೆ 9852. ಇಲ್ಲಿ ಸ್ವಲ್ಪ ನಿಲ್ಲಿ, ಮುಂದೆ ಓಡಬೇಡಿ. 9852 ಘನ ಸೆಂಟಿಮೀಟರ್ ಅಂದರೆ ತೊಟ್ಟಿಯಲ್ಲಿ ನೀರು ಒಂದು ಸೆಂಟಿಮೀಟರ್ ಏರಲು 9.85 ಲೀಟರ್ ಬೇಕು. ಪೂರ್ತಿ ತೊಟ್ಟಿಯ ಲೆಕ್ಕಕ್ಕಿಂತ ನಿಮಗೆ ಈ ಸಂಖ್ಯೆಯೇ ಹೆಚ್ಚು ಉಪಯೋಗ. ಇದು ಕೈಯಲ್ಲಿದ್ದರೆ ಎಲ್ಲಿಗೆ ಗೆರೆ ಎಳೆದರೆ ಎಷ್ಟು ಲೀಟರ್ ಅಂತ ಬಾಯಲ್ಲೇ ಹೇಳಬಹುದು.

91 ಸೆಂಟಿಮೀಟರಿಗೆ 896 ಲೀಟರ್ ಆಯಿತು. ಈಗ ಒಂದು ಪ್ರಶ್ನೆ. ತೊಟ್ಟಿ ಕಂಠದವರೆಗೆ ತುಂಬುತ್ತದೆಯಾ?

ತೋಟದಮೂಲೆ

ಇಲ್ಲ ಅಕ್ಕ. ಮೇಲಿನಿಂದ 11 ಸೆಂಟಿಮೀಟರ್ ಕೆಳಗೆ ಓವರ್‌ಫ್ಲೋ ಪೈಪು ಇದೆ. ತಳದಿಂದ 80ಕ್ಕೆ ನೀರು ಹೊರಗೆ ಹರಿಯುತ್ತೆ.

ನೀರುಲೆಕ್ಕ

ಹಾಗಾದರೆ ಎತ್ತರ 91 ಅಲ್ಲವೇ ಅಲ್ಲ, 80. ಗೋಡೆಯ ಎತ್ತರ ನೀರಿನ ಎತ್ತರ ಅಲ್ಲ. 80 × 9.85, ಸುಮಾರು 788 ಲೀಟರ್. ನೀವು 10 ಕಿಲೋ ಹಾಕಿದ್ದು ಸಾವಿರಕ್ಕಲ್ಲ, 788ಕ್ಕೆ. ಶೇಕಡಾ 1ರ ಬದಲು 1.27 ಆಗಿದೆ.

ಹೊರ ಗಾಲ್ವ ಪೈಪು ತಳದಿಂದ ಎಷ್ಟು ಮೇಲಿದೆ?

ತೋಟದಮೂಲೆ

ಗಾಲ್ವ ಅಂದ್ರೆ ಏನಕ್ಕ?

ನೀರುಲೆಕ್ಕ

ಫೋನು ತಾನೇ ತಿದ್ದಿಬಿಡ್ತು. ಗೇಟ್‌ವಾಲ್ವ್ ಪೈಪು. ಪಂಪಿಗೆ ಹೋಗೋದು.

ತೋಟದಮೂಲೆ

4 ಸೆಂಟಿಮೀಟರ್ ಮೇಲೆ. ಗಸಿ ಪಂಪಿಗೆ ಹೋಗಬಾರದು ಅಂತ ನಾನೇ ಹೇಳಿ ಇಡಿಸಿದ್ದು.

ನೀರುಲೆಕ್ಕ

ಒಳ್ಳೆಯ ಕೆಲಸ ಮಾಡಿದ್ದೀರಿ. ಆದರೆ ಆ 4 ಸೆಂಟಿಮೀಟರಿನ 39 ಲೀಟರ್ ಹೊರಗೆ ಬರುವುದಿಲ್ಲ. ಕಲಸುವ ಲೆಕ್ಕಕ್ಕೆ ಅದನ್ನು ಸೇರಿಸಬೇಕು, ಯಾಕೆಂದರೆ ಮೈಲುತುತ್ತು ಆ ನೀರಿನಲ್ಲೂ ಇದೆ. ಮರಕ್ಕೆ ಎಷ್ಟು ಸಿಗುತ್ತದೆ ಅನ್ನುವ ಲೆಕ್ಕದಲ್ಲಿ ಕಳೆಯಬೇಕು. 788ರಲ್ಲಿ 39 ಹೋದರೆ 749. ಹದಿನಾರು ಸಾಲಿಗೆ ಸಾವಿರ ಬೇಕಾದರೆ ಹನ್ನೆರಡು ಸಾಲಿಗೆ 750. ನಿಮ್ಮ ಇನ್ನೂರು ಚಿಲ್ಲರೆ ಲೀಟರು ಸಿಕ್ಕಿತು ನೋಡಿ.

ಚಾಕುಪರೀಕ್ಷೆ

ಇಷ್ಟೆಲ್ಲ ಯಾಕೆ ತಲೆ ಕೆಡಿಸಿಕೊಳ್ತೀರಿ? ಕಲಸಿದ ಮೇಲೆ ಚಾಕು ಅದ್ದಿ ನೋಡಿದರೆ ಆಯ್ತಲ್ಲ. ಕೆಂಪು ಹಿಡಿದರೆ ಸುಣ್ಣ ಕಮ್ಮಿ, ಹಿಡಿಯದಿದ್ದರೆ ಔಷಧಿ ಸರಿ ಇದೆ. ನಾವು ಮೂವತ್ತು ವರ್ಷದಿಂದ ಡ್ರಮ್ಮು ಅಳೆದವರಲ್ಲ.

ತೋಟದಮೂಲೆ

ಚಾಕು ಅದ್ದಿದ್ದೆ ಅಣ್ಣ. ಕೆಂಪು ಹಿಡೀಲಿಲ್ಲ. ಅದಕ್ಕೇ ಧೈರ್ಯವಾಗಿ ಹೊಡೆಸಿದೆ.

ನೀರುಲೆಕ್ಕ

ಹಿಡಿಯುವುದೂ ಇಲ್ಲ. ಚಾಕು ಹೇಳೋದು ಮೈಲುತುತ್ತಿಗೆ ಸಾಕಷ್ಟು ಸುಣ್ಣ ಬಿದ್ದಿದೆಯಾ ಅನ್ನೋದನ್ನು. ನೀರು ಎಷ್ಟಿದೆ ಅಂತ ಚಾಕುವಿಗೆ ಗೊತ್ತಾಗೋದಿಲ್ಲ. ಇವರು ಎರಡನ್ನೂ 10 ಕಿಲೋ ಹಾಕಿದ್ದಾರೆ. ನೀರು 500 ಇರಲಿ, 1000 ಇರಲಿ, ಒಳ್ಳೆ ಸುಣ್ಣ ಆಗಿದ್ದರೆ ಚಾಕು ಬೆಳ್ಳಗೇ ಬರುತ್ತದೆ. ಚಾಕು ಅದ್ದುವುದನ್ನು ಬಿಡಬೇಡಿ. ಅದು ಬೇರೆ ತಪ್ಪನ್ನು ಹಿಡಿಯುತ್ತದೆ, ಅಷ್ಟೇ.

ಚಾಕುಪರೀಕ್ಷೆ

ಸರಿ, ಒಪ್ಪಿದೆ. ಆದರೆ ಒಂದರ ಬದಲು ಒಂದೂ ಕಾಲು ಆದರೆ ಏನು ಮಹಾ ನಷ್ಟ? ಮಳೆ ಜೋರಿದ್ದಾಗ ಕೆಲವರು ಬೇಕಂತಲೇ ಗಟ್ಟಿ ಮಾಡ್ತಾರೆ.

ಹಸಿರುಗೊನೆ

ನಷ್ಟ ಇದೆ. ಉಳಿದ ನಾಲ್ಕು ಸಾಲಿಗೆ ಬೀಳಬೇಕಾದ ಔಷಧಿ ಹನ್ನೆರಡು ಸಾಲಿನ ಮೇಲೆ ಬಿತ್ತು. ಕಾಸರಗೋಡಿನ ಸಿಪಿಸಿಆರ್‌ಐಯವರು ಕೊಳೆಗೆ ಹೇಳೋದು ಶೇಕಡಾ 1ರ ಬೋರ್ಡೋ. ಮಳೆಗಾಲ ಹಿಡಿಯುವ ಮೊದಲು ಒಮ್ಮೆ, 40-45 ದಿನ ಬಿಟ್ಟು ಇನ್ನೊಮ್ಮೆ. ಗಟ್ಟಿ ಮಾಡಿದರೆ ಜಾಸ್ತಿ ದಿನ ನಿಲ್ಲುತ್ತೆ ಅನ್ನೋದು ನಂಬಿಕೆ. ತಾಮ್ರ ಮಣ್ಣಿಗೆ ಬಿದ್ದರೆ ಅಲ್ಲೇ ಕೂರುತ್ತೆ, ಎಲ್ಲಿಗೂ ಹೋಗೋದಿಲ್ಲ. ವರ್ಷ ವರ್ಷ ಬೀಳೋದು ಅಲ್ವಾ.

ಚಾಕುಪರೀಕ್ಷೆ

ನಮ್ಮ ಅಜ್ಜ, ಕೊಳೆಗೆ ಬೋರ್ಡೋ ಹೊಡೆಯೋದು ತೋರಿಸಿಕೊಟ್ಟ ಕೋಲ್ಮನ್ ಸಾಹೇಬರ ಹೆಸರು ಹೇಳಿಕೊಂಡೇ ಹೊಡೆಸುತ್ತಿದ್ದರು. ಮೈಸೂರು ಸಂಸ್ಥಾನದ ಕಾಲದಿಂದ ತಾಮ್ರ ಬೀಳ್ತಾನೇ ಇದೆ, ತೋಟ ಹಾಗೇ ಇದೆ. ಇದರಲ್ಲಿ ನಿಮಗೂ ನನಗೂ ಆಗೋದಿಲ್ಲ ಬಿಡಿ.

ಡೀಸೆಲಣ್ಣ

ನಂದೂ ಇದೇ ಸಮಸ್ಯೆ. ಡೀಸೆಲ್ ಡ್ರಮ್ಮು, ಇನ್ನೂರು ಲೀಟರಿಂದು. ಕೋಲು ಇಳಿಸಿ ನೋಡಿದರೆ ಕಾಲು ಭಾಗ ಇತ್ತು. 50 ಲೀಟರ್ ಇದೆ ಅಂತ ಟಿಲ್ಲರಿಗೆ ಲೆಕ್ಕ ಹಾಕಿದೆ. 40 ಕೂಡ ಬರಲಿಲ್ಲ. ಕೆಲಸದವನ ಮೇಲೆ ಅನುಮಾನ ಪಟ್ಟು ಎರಡು ದಿನ ಮಾತು ಬಿಟ್ಟಿದ್ದೇನೆ. ಒಂದು ಸೆಂಟಿಮೀಟರಿಗೆ ಇಷ್ಟು ಲೀಟರ್ ಅಂತ ನನಗೂ ಹೇಳಿ.

ನೀರುಲೆಕ್ಕ

ಡ್ರಮ್ಮು ನಿಲ್ಲಿಸಿದ್ದೀರಾ, ಮಲಗಿಸಿದ್ದೀರಾ?

ಡೀಸೆಲಣ್ಣ

ಮಲಗಿಸಿ ಕಟ್ಟೆ ಮೇಲೆ ಇಟ್ಟಿದ್ದೇನೆ, ನಲ್ಲಿ ಇದೆ.

ನೀರುಲೆಕ್ಕ

ಹಾಗಾದರೆ ಮೊದಲು ಹೋಗಿ ಅವನ ಜೊತೆ ಮಾತಾಡಿ. ಮಲಗಿಸಿದ ಡ್ರಮ್ಮಿಗೆ ಸೆಂಟಿಮೀಟರಿಗೆ ಇಷ್ಟು ಅನ್ನುವ ಒಂದೇ ಲೆಕ್ಕ ಇಲ್ಲ. ತಳದಲ್ಲಿ ಕಿರಿದು, ನಡುವಿನಲ್ಲಿ ಅಗಲ, ಮೇಲೆ ಮತ್ತೆ ಕಿರಿದು. ಸರಿಯಾಗಿ ಅರ್ಧ ಎತ್ತರಕ್ಕೆ ಅರ್ಧ ಡ್ರಮ್ಮು, ಅದು ನಿಜ. ಆದರೆ ಕಾಲು ಎತ್ತರಕ್ಕೆ ಕಾಲು ಭಾಗ ಇರುವುದಿಲ್ಲ. ನೂರಕ್ಕೆ ಹತ್ತೊಂಬತ್ತೂವರೆ ಮಾತ್ರ. ಇನ್ನೂರು ಲೀಟರಿನ ಡ್ರಮ್ಮಿಗೆ ಸುಮಾರು 39. ನಲ್ಲಿಗಿಂತ ಕೆಳಗೆ ಉಳಿದದ್ದೂ ಅದರಲ್ಲೇ ಸೇರಿದೆ.

ಡೀಸೆಲಣ್ಣ

😔 ಸರಿ ಅಕ್ಕ. ಹೋಗ್ತೀನಿ.

ಹಳೇಮೇಷ್ಟ್ರು

ಹೊರ ಅಳತೆ ವಿಷಯದಲ್ಲಿ ನಾನು ಎಡವಿದೆ, ಒಪ್ಪುತ್ತೇನೆ. ಪುಸ್ತಕದ ಲೆಕ್ಕದಲ್ಲಿ ಗೋಡೆಗೆ ದಪ್ಪವೇ ಇರುವುದಿಲ್ಲ.

ಒಂದು ಕೇಳುತ್ತೇನೆ. ಒಳಗೆ ಅಳೆಯುವಾಗ ಒಂದು ಸೆಂಟಿಮೀಟರ್ ಹೆಚ್ಚುಕಮ್ಮಿ ಆಗೇ ಆಗುತ್ತದೆ. ಅದು ಎಷ್ಟು ಕಾಡುತ್ತದೆ?

ನೀರುಲೆಕ್ಕ

ಎತ್ತರದಲ್ಲಿ ಒಂದು ಸೆಂಟಿಮೀಟರ್ ತಪ್ಪಿದರೆ 10 ಲೀಟರ್ ತಪ್ಪು. ಅಡ್ಡಗಲದಲ್ಲಿ ಒಂದು ತಪ್ಪಿದರೆ ಈ ತೊಟ್ಟಿಗೆ 14 ಲೀಟರ್, ಯಾಕೆಂದರೆ ಅಡ್ಡಗಲ ಎರಡು ಸಲ ಗುಣಿಸಿಕೊಳ್ಳುತ್ತದೆ. ಹಾಗಾಗಿ ಟೇಪಿನ ಹತ್ತಿರ ಜಾಸ್ತಿ ಹೊತ್ತು ಕಳೆಯಬೇಕಾದದ್ದು ಅಡ್ಡಗಲಕ್ಕೆ.

ನಾನು ಮಾಡೋದು ಹೀಗೆ. ಟೇಪಿನ ಒಂದು ತುದಿಯನ್ನು ಒಳಗೋಡೆಗೆ ಒತ್ತಿ ಹಿಡಿಯಲು ಒಬ್ಬರನ್ನು ನಿಲ್ಲಿಸಿ. ನೀವು ಇನ್ನೊಂದು ತುದಿಯನ್ನು ಎದುರು ಗೋಡೆಗೆ ತಾಗಿಸಿ ಎಡಕ್ಕೂ ಬಲಕ್ಕೂ ಮೆಲ್ಲಗೆ ಸರಿಸಿ. ಟೇಪು ತೋರಿಸಿದ ಅತೀ ದೊಡ್ಡ ಸಂಖ್ಯೆಯೇ ಅಡ್ಡಗಲ. ನಡುಮಧ್ಯ ಹುಡುಕುವ ಕೆಲಸವೇ ಇಲ್ಲ. ಆಮೇಲೆ ಅದಕ್ಕೆ ಅಡ್ಡಡ್ಡ ದಿಕ್ಕಿನಲ್ಲಿ ಇನ್ನೊಮ್ಮೆ ಅಳೆಯಿರಿ. ರಿಂಗು ಯಾವತ್ತೂ ಪೂರ್ತಿ ದುಂಡಗಿರುವುದಿಲ್ಲ. ಎರಡನ್ನೂ ಕೂಡಿಸಿ ಅರ್ಧ ಮಾಡಿ.

ಗಾರೆಕೆಲಸ

ಅಚ್ಚು ಬಿಚ್ಚುವಾಗ ರಿಂಗು ಸ್ವಲ್ಪ ಅಂಡಾಕಾರ ಆಗಿಬಿಡುತ್ತೆ, ಅದು ನಿಜ. ಇನ್ನು ಒಳಗೆ ಸೋರದಿರಲಿ ಅಂತ ಪ್ಲಾಸ್ಟರ್ ಹೊಡೆದಿರುತ್ತಾರೆ. ತಳದಲ್ಲಿ ಇಳಿಜಾರು ಕೊಟ್ಟಿರುತ್ತಾರೆ, ವಾಲ್ವಿನ ಕಡೆಗೆ. ಟೇಪು ವಾಲ್ವಿನ ಹತ್ತಿರ ಇಳಿಸಿದರೆ ಒಂದು ಎತ್ತರ, ಎದುರುಗಡೆ ಇಳಿಸಿದರೆ ಇನ್ನೊಂದು. ನೀವು ಎಷ್ಟೇ ಸೂತ್ರ ಹಾಕಿ, ಕೊನೆಗೆ ನೀರು ಹೊಯ್ದು ನೋಡದೆ ನಂಬಬೇಡಿ.

ನೀರುಲೆಕ್ಕ

ನೂರಕ್ಕೆ ನೂರು ಸರಿ. ತೋಟದಮೂಲೆಯವರೇ, ಮನೆಗೆ ಕುಡಿಯುವ ನೀರಿನ 20 ಲೀಟರ್ ಕ್ಯಾನ್ ಬರುತ್ತದಲ್ಲ, ಅದೊಂದು ಸಾಕು. ತೊಟ್ಟಿ ಖಾಲಿ ಮಾಡಿ. ವಾಲ್ವಿನ ಹತ್ತಿರ ಒಂದು ಕೋಲು ನೆಟ್ಟಗೆ ನಿಲ್ಲಿಸಿ 20 ಸೆಂಟಿಮೀಟರಿಗೆ ಗುರುತು ಹಾಕಿ. ಅಲ್ಲಿಗೆ ಎಷ್ಟು ಕ್ಯಾನ್ ಹಿಡಿಯಿತು ಬರೆದಿಡಿ. ಅಲ್ಲಿಂದ ಮೇಲೆ ಸರಿಯಾಗಿ ಹತ್ತು ಕ್ಯಾನ್ ಹೊಯ್ದು ನೀರು ಎಷ್ಟು ಏರಿತು ನೋಡಿ. ಲೆಕ್ಕದ ಪ್ರಕಾರ 20.3 ಏರಬೇಕು.

ತಳವನ್ನು ಬೇರೆ ಇಟ್ಟು ಅಳೆಯಲು ಹೇಳಿದ್ದು ಇಳಿಜಾರಿಗಾಗಿ. ಇಳಿಜಾರಿನ ಜಾಗದಲ್ಲಿ ಯಾವ ಸೂತ್ರವೂ ನಡೆಯುವುದಿಲ್ಲ. ಅದರ ಮೇಲಿನ ನೆಟ್ಟಗೋಡೆಗೆ ಮಾತ್ರ ನಡೆಯುತ್ತದೆ.

ತೋಟದಮೂಲೆ

ಎರಡು ದಿನ ಬಿಟ್ಟು ಬರೆಯುತ್ತಿದ್ದೇನೆ. ಮಳೆ ಬಿಡಲಿಲ್ಲ. ಇವತ್ತು ಬೆಳಗ್ಗೆ ನಾನು, ಮಗಳು ಸೇರಿ ನೀರು ಹೊಯ್ದೆವು.

ಮೊದಲ 20 ಸೆಂಟಿಮೀಟರಿಗೆ ಒಂಬತ್ತು ಕ್ಯಾನ್, ಆಮೇಲೆ ಅಳತೆ ಜಗ್ಗಿನಲ್ಲಿ 4 ಲೀಟರ್. ಒಟ್ಟು 184. ಅಲ್ಲಿಂದ ಹತ್ತು ಕ್ಯಾನ್ ಹಾಕಿದಾಗ ಏರಿದ್ದು 20.6 ಸೆಂಟಿಮೀಟರ್. ಮಗಳು ಕೋಲಿನ ಮೇಲೆ ಎರಡು ಸಲ ಓದಿದಳು. ಇದು ಸರಿ ಇದೆಯಾ?

ನೀರುಲೆಕ್ಕ

ಬಹಳ ಚೆನ್ನಾಗಿದೆ. 200ನ್ನು 20.6ರಿಂದ ಭಾಗಿಸಿದರೆ 9.71. ಅಂದರೆ ಸೆಂಟಿಮೀಟರಿಗೆ 9.71 ಲೀಟರ್. ಟೇಪು 9.85 ಅಂದಿತ್ತು. ಒಳ ಅಡ್ಡಗಲ 112 ಅಲ್ಲ, 111ಕ್ಕಿಂತ ಚೂರು ಜಾಸ್ತಿ ಅಷ್ಟೇ. ಪ್ಲಾಸ್ಟರ್ ತಿಂದಿರುವ ಜಾಗ ಅದು.

ತಳದ ಇಳಿಜಾರು ತಿಂದದ್ದು 10 ಲೀಟರ್. ಸಮತಟ್ಟಾಗಿದ್ದರೆ ಮೊದಲ 20 ಸೆಂಟಿಮೀಟರಿಗೆ 194 ಹಿಡಿಯಬೇಕಿತ್ತು, 184 ಹಿಡಿಯಿತು.

ಈಗ ಪೂರ್ತಿ ಲೆಕ್ಕ. ತಳದ 184ಕ್ಕೆ, 20ರಿಂದ 80ರವರೆಗಿನ 60 ಸೆಂಟಿಮೀಟರ್ ಸೇರಿಸಿ. 60 × 9.71, 583. ಒಟ್ಟು 767 ಲೀಟರ್. ನಿಮ್ಮ ತೊಟ್ಟಿ ಇಷ್ಟೇ.

767ಕ್ಕೆ ತೂಕ ಹಾಕೋದು ಕಿರಿಕಿರಿ. 750ಕ್ಕೆ ಗೆರೆ ಹಾಕಿಕೊಳ್ಳಿ. 184 ಕಳೆದರೆ 566. ಅದನ್ನು 9.71ರಿಂದ ಭಾಗಿಸಿದರೆ 58.3. ಅಂದರೆ ತಳದಿಂದ 78.3 ಸೆಂಟಿಮೀಟರಿಗೆ 750 ಲೀಟರ್. ಏಳೂವರೆ ಕಿಲೋ ಮೈಲುತುತ್ತು, ಏಳೂವರೆ ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ ಹೊಯ್ದ ಮೇಲೆ, ಕೊನೆಗೆ ನೀರು ಬಿಟ್ಟು ಗೆರೆ ಮುಟ್ಟಿಸಿ. ಮೊದಲೇ ಗೆರೆಯವರೆಗೆ ನೀರು ತುಂಬಿ ಆಮೇಲೆ ಸುಣ್ಣದ ತಿಳಿ ಹೊಯ್ದರೆ ಗೆರೆ ದಾಟುತ್ತದೆ.

ಹಳೇಮೇಷ್ಟ್ರು

ಒಂದು ತಕರಾರು. 20.6 ಅಳೆದದ್ದು ಕೆಳಗಿನ ರಿಂಗು, ಅದರ ಮೇಲೆ ನಡುವಿನದ್ದು ಸ್ವಲ್ಪ. ಮೂರನೆಯ ರಿಂಗೂ ಅಷ್ಟೇ ಅಗಲ ಇದೆ ಅಂತ ಹೇಗೆ ಹೇಳ್ತೀರಿ?

ಗಾರೆಕೆಲಸ

ಒಂದೇ ಅಚ್ಚಿನ ರಿಂಗಾದರೆ ಒಂದೇ ಇರುತ್ತೆ ಮೇಷ್ಟ್ರೇ.

ಹಳೇಮೇಷ್ಟ್ರು

ಪ್ಲಾಸ್ಟರ್ ಒಂದೇ ಅಚ್ಚಿನದ್ದಲ್ಲವಲ್ಲ.

ನೀರುಲೆಕ್ಕ

ಮೇಷ್ಟ್ರ ತಕರಾರು ನ್ಯಾಯವೇ. ಮೇಲಿನವರೆಗೂ ಕ್ಯಾನಿನಲ್ಲೇ ಹೊಯ್ದರೆ ಸಂಶಯ ಉಳಿಯುವುದಿಲ್ಲ, ಇನ್ನೂ ಹತ್ತೊಂಬತ್ತು ಕ್ಯಾನು ಆಗುತ್ತದೆ. ನಾನಾಗಿದ್ದರೆ ಬೋರ್ಡೋಗೆ ಅಷ್ಟು ಮಾಡುತ್ತಿರಲಿಲ್ಲ. ಹತ್ತು ಲೀಟರ್ ಆಚೀಚೆ ಆದರೆ ಶೇಕಡಾ 1 ಅನ್ನೋದು 1.01 ಆಗುತ್ತದೆ, ಅಷ್ಟೇ.

ತೋಟದಮೂಲೆ

ಹತ್ತೊಂಬತ್ತು ಕ್ಯಾನು ಅಂದಿದ್ದಕ್ಕೆ ಮಗಳು ಒಳಗೆ ಓಡಿದಳು.

ಇನ್ನೊಂದು ಹೇಳಬೇಕು. ಕೈಗೆ ಟೇಪು ಬಂದ ಮೇಲೆ ಹಳೇ ಡ್ರಮ್ಮನ್ನೂ ಅಳೆದೆ. ನೆಟ್ಟಗಿನ ಡ್ರಮ್ಮು, ಒಳಗೆ 56 ಅಡ್ಡಗಲ, 88 ಎತ್ತರ. ಅಕ್ಕನ ಸೂತ್ರದಲ್ಲಿ ಹಾಕಿದರೆ 216 ಲೀಟರ್ ಮೇಲೆ ಬಂತು! ಇನ್ನೂರು ಅಂತ ಇಷ್ಟು ವರ್ಷ ನಂಬಿದ್ದೆವಲ್ಲ ಅಂತ ಗಾಬರಿ ಆಯಿತು. ಆಮೇಲೆ ನೆನಪಾಯಿತು. ಅಪ್ಪ ಯಾವತ್ತೂ ಡ್ರಮ್ಮು ಪೂರ್ತಿ ತುಂಬಲು ಬಿಡುತ್ತಿರಲಿಲ್ಲ. ಕೈಯನ್ನು ಅಡ್ಡ ಹಿಡಿದು, "ಕಂಠದಿಂದ ನಾಲ್ಕು ಬೆರಳು ಕೆಳಗೆ ನಿಲ್ಲಿಸು" ಅನ್ನುತ್ತಿದ್ದರು. ತುಳುಕಬಾರದು ಅಂತ ಹೇಳೋದು ಅಂದುಕೊಂಡಿದ್ದೆ. ಇವತ್ತು ಲೆಕ್ಕ ಹಾಕಿದೆ. ಸರಿಯಾಗಿ 200 ಲೀಟರ್ ನಿಲ್ಲೋದು ಕಂಠದಿಂದ 6.8 ಸೆಂಟಿಮೀಟರ್ ಕೆಳಗೆ. ನನ್ನ ನಾಲ್ಕು ಬೆರಳು ಅಳೆದೆ, ಏಳು.

ಚಾಕುಪರೀಕ್ಷೆ

ನೋಡಿದ್ರಾ, ಡ್ರಮ್ಮು ಅಳೆದವರಲ್ಲ ಅಂತ ನಾನು ಹೇಳಿದ್ದು ತಪ್ಪೇನಲ್ಲ. ಅಳೆದವರು ಯಾರೋ ಮೊದಲೇ ಇದ್ದರು.

ತೋಟದಮೂಲೆ

😄 ಈಗ ಕೊನೇ ಪ್ರಶ್ನೆ. 78.3ಕ್ಕೆ ಗೆರೆ ಯಾವುದರಲ್ಲಿ ಎಳೆಯಲಿ? ಪೇಂಟ್ ಹಾಕಿದರೆ ಒಂದೇ ಸಲಕ್ಕೆ ಸುಣ್ಣ ಮುಚ್ಚಿಬಿಡುತ್ತೆ. ಮೊಳೆ ಹೊಡೆಯೋಣ ಅಂದುಕೊಂಡೆ.

ಹಸಿರುಗೊನೆ

ಕಬ್ಬಿಣದ ಮೊಳೆ ಬೇಡವೇ ಬೇಡ. ಮೈಲುತುತ್ತು ಅದನ್ನು ತಿಂದು ಹಾಕುತ್ತೆ, ನಿಮ್ಮ ಚಾಕುವಿಗೆ ಕೆಂಪು ಹಿಡಿಯೋದೂ ಅದೇ ಕಾರಣಕ್ಕೆ.

ಗಾರೆಕೆಲಸ

ಉಳಿಯಲ್ಲಿ ಗೋಡೆಗೆ ಗೀರು ಹಾಕಿ ಅಂತ ಹೇಳಬಹುದು, ಆದರೆ ಪ್ಲಾಸ್ಟರ್ ಸೀಳಿದರೆ ಸೋರುತ್ತೆ. ಅರ್ಧ ಇಂಚಿನ ಪಿವಿಸಿ ಪೈಪಿನ ತುಂಡು ತಗೊಳ್ಳಿ. 78.3ಕ್ಕೆ ಗರಗಸದಲ್ಲಿ ಸಣ್ಣ ಕಚ್ಚು ಹಾಕಿ. ಕಲಸುವಾಗ ವಾಲ್ವಿನ ಪಕ್ಕದಲ್ಲೇ ಇಳಿಸಿ, ಬೇರೆ ಕಡೆ ಇಳಿಸಿದರೆ ಇಳಿಜಾರಿನಿಂದ ತಪ್ಪು ತೋರಿಸುತ್ತೆ. ಕೆಲಸ ಮುಗಿದ ಮೇಲೆ ತೊಳೆದು ಕೊಟ್ಟಿಗೆಯಲ್ಲಿ ಸಿಕ್ಕಿಸಿಡಿ.

ಡೀಸೆಲಣ್ಣ

ಅವನ ಜೊತೆ ಮಾತಾಡಿದೆ. ನಗ್ತಾ ಇದ್ದಾನೆ. ಕೋಲಿಗೆ 10, 20, 30 ಲೀಟರಿಗೆ ಗುರುತು ಹಾಕಿಕೊಡು ಅಂತ ಕೇಳಿದ್ದಾನೆ. ಮಲಗಿಸಿದ ಡ್ರಮ್ಮಿಗೆ ಕ್ಯಾನಿನಲ್ಲಿ ಹೊಯ್ದೇ ಗುರುತು ಹಾಕಬೇಕಾ, ಇಲ್ಲ ಲೆಕ್ಕದಲ್ಲಿ ಬರುತ್ತಾ?

ನೀರುಲೆಕ್ಕ

ಲೆಕ್ಕದಲ್ಲಿ ಬರುತ್ತದೆ, ಆದರೆ ಉದ್ದದ ಲೆಕ್ಕ. ನಿಮಗೆ ಹೊಯ್ಯೋದೇ ಸುಲಭ. ಡೀಸೆಲ್ ತರಿಸುವ ದಿನ ಹತ್ತು ಹತ್ತು ಲೀಟರ್ ಹಾಕಿಸಿ, ಪ್ರತಿ ಸಲ ಕೋಲು ಇಳಿಸಿ ಗೀರು ಹಾಕಿ. ಡ್ರಮ್ಮು ನಲ್ಲಿಯ ಕಡೆಗೆ ಓರೆ ಇಟ್ಟಿದ್ದರೆ ಆ ಓರೆ ಬದಲಾಯಿಸಬೇಡಿ. ಬದಲಾದರೆ ಗೀರುಗಳೆಲ್ಲ ಸುಳ್ಳಾಗುತ್ತವೆ.